ಕೆಂಪಿ, ಚುಕ್ಕಿ, ಮೋಟಿ: ಹಸುವಿನ ಹೆಸರೇ ಹಸುವಿನ ಗುರುತು



ನಿಮ್ಮ ಕೊಟ್ಟಿಗೆಯಲ್ಲಿ ಕಟ್ಟಿರುವ ಹಸುಗಳ ಹೆಸರನ್ನು ಒಮ್ಮೆ ಮನಸ್ಸಿನಲ್ಲೇ ಹೇಳಿಕೊಳ್ಳಿ. ಲಕ್ಷ್ಮಿ, ಗೌರಿ, ಗಂಗೆ ಎಂದಿರಬಹುದು. ಮಕ್ಕಳಿರುವ ಮನೆಯಾದರೆ ರಾಣಿ, ಸ್ವೀಟಿ ಎಂದೂ ಇರಬಹುದು. ಈಗ ನಿಮ್ಮ ಅಜ್ಜಿಯ ಕೊಟ್ಟಿಗೆಯನ್ನು ನೆನಪಿಸಿಕೊಳ್ಳಿ. ಅಲ್ಲಿಯೂ ಒಬ್ಬಳು ಲಕ್ಷ್ಮಿ ಇದ್ದಿರುತ್ತಾಳೆ. ಆದರೆ ಅವಳ ಪಕ್ಕದಲ್ಲಿ ಕೆಂಪಿ, ಕಾಳಿ, ಚುಕ್ಕಿ, ಹಂಡಿ, ಮೋಟಿ, ಗಿಡ್ಡಿ ಎಂಬವರೂ ಇದ್ದರು. ಈ ಎರಡು ಬಗೆಯ ಹೆಸರುಗಳಲ್ಲಿ ಒಂದು ದೊಡ್ಡ ವ್ಯತ್ಯಾಸವಿದೆ. ನಿಮ್ಮ ಮನೆಗೆ ಎಂದೂ ಬಾರದವರನ್ನು ಕರೆದು "ಕೊಟ್ಟಿಗೆಗೆ ಹೋಗಿ ಗೌರಿಯನ್ನು ಬಿಚ್ಚಿಕೊಂಡು ಬನ್ನಿ" ಎಂದರೆ ಅವರು ಬಾಗಿಲಲ್ಲೇ ನಿಲ್ಲುತ್ತಾರೆ. "ಮೋಟಿಯನ್ನು ಬಿಚ್ಚಿಕೊಂಡು ಬನ್ನಿ" ಎಂದರೆ ಮೋಟು ಕೊಂಬಿನ ಹಸುವನ್ನು ಹಿಡಿದು ತರುತ್ತಾರೆ.

ನಾನು ನಮ್ಮೂರಿನ ಮಹಿಳಾ ಹಾಲು ಉತ್ಪಾದಕರ ಸಂಘದಲ್ಲಿ ಕಾರ್ಯದರ್ಶಿಯಾಗಿ ಲೆಕ್ಕ ಬರೆಯುವವಳು. ಈ ವ್ಯತ್ಯಾಸ ನನಗೆ ಅರ್ಥವಾದದ್ದು ಒಂದು ನಷ್ಟದ ನಂತರ. ಅದನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ತಪ್ಪು ನನ್ನದೇ.

ನನ್ನ ಓರಗಿತ್ತಿಯ ಹಸುವಿಗೆ ವಿಮೆ ಮಾಡಿಸುವಾಗ ಅರ್ಜಿ ತುಂಬಿದವಳು ನಾನು. "ರಾಸಿನ ಬಣ್ಣ ಮತ್ತು ಗುರುತು" ಎಂಬ ಜಾಗದಲ್ಲಿ "ಕಪ್ಪು ಬಿಳುಪು" ಎಂದು ಬರೆದೆ. ಹೆಸರಿನ ಜಾಗದಲ್ಲಿ "ಗೌರಿ" ಎಂದು ಬರೆದೆ. ಕಿವಿಯೋಲೆ ಇತ್ತು, ಅದರ ಸಂಖ್ಯೆ ಇತ್ತು, ಸಾಕು ಎಂದುಕೊಂಡೆ. ಮುಂದಿನ ವರ್ಷ ಗೋದಲಿಯ ತಂತಿಗೆ ಸಿಕ್ಕಿ ಕಿವಿಯೋಲೆ ಹರಿದು ಬಿತ್ತು. ಕಿವಿ ಗಾಯ ಮಾಗಲಿ, ಆಮೇಲೆ ಹಾಕಿಸೋಣ ಎಂದು ಓರಗಿತ್ತಿ ಸುಮ್ಮನಾದಳು. ಒಂದೂವರೆ ತಿಂಗಳಿಗೆ ಹಸು ಹೊಟ್ಟೆ ಉಬ್ಬರಿಸಿ ಒಂದೇ ರಾತ್ರಿಯಲ್ಲಿ ಸತ್ತಿತು. ನೋಡಲು ಬಂದವರು ಕಿವಿ ನೋಡಿದರು, ಓಲೆ ಇಲ್ಲ. ಅರ್ಜಿ ನೋಡಿದರು, "ಕಪ್ಪು ಬಿಳುಪು, ಗೌರಿ". ನಮ್ಮ ಸಂಘಕ್ಕೆ ಹಾಲು ಹಾಕುವ ಮನೆಗಳಲ್ಲಿ ಮುಕ್ಕಾಲು ಪಾಲು ಹಸುಗಳು ಕಪ್ಪು ಬಿಳುಪೇ. ಅದರಲ್ಲಿ ಗೌರಿಯರೇ ನಾಲ್ಕೈದು. ಸತ್ತಿರುವುದು ವಿಮೆಯಾದ ಹಸುವೇ ಎನ್ನಲು ಕಾಗದದಲ್ಲಿ ಏನೂ ಇರಲಿಲ್ಲ. ಹಣ ಬರಲಿಲ್ಲ.

ಆ ವಾರ ನಮ್ಮತ್ತೆ ನನ್ನನ್ನು ಬೈಯಲಿಲ್ಲ. ಹಟ್ಟಿಯ ಜಗಲಿಯಲ್ಲಿ ಕೂತು ಒಂದೇ ಮಾತು ಹೇಳಿದರು: "ಹಣೆ ಮೇಲೆ ಅಷ್ಟುದ್ದ ನಾಮ ಇತ್ತಲ್ಲ ಅದಕ್ಕೆ, ನಾಮದಾವು ಅಂತ ಕರೆದಿದ್ರೆ ನಿನ್ನ ಕಾಗದದಲ್ಲಿ ತಾನಾಗೇ ಬಂದಿರೋದು."

ಅಂದಿನಿಂದ ಅವರ ಬಾಯಿಂದಲೂ ಊರಿನ ಹಿರಿಯರ ಬಾಯಿಂದಲೂ ಹಳೆಯ ಹೆಸರುಗಳನ್ನು ಕೇಳಿ ಬರೆದಿಡುತ್ತಾ ಬಂದಿದ್ದೇನೆ. ನಮ್ಮದು ತುಮಕೂರು ಸೀಮೆ. ನಿಮ್ಮ ಕಡೆ ಇದೇ ಗುರುತಿಗೆ ಬೇರೆ ಮಾತು ಇರಬಹುದು, ಇದೇ ಮಾತಿಗೆ ಸ್ವಲ್ಪ ಬೇರೆ ಅರ್ಥವೂ ಇರಬಹುದು.

ಮೊದಲು ಬಣ್ಣದ ಹೆಸರುಗಳನ್ನು ನೋಡೋಣ. ಕೆಂಪು ಮೈಯ ಹಸು ಕೆಂಪಿ ಅಥವಾ ಕೆಂದಿ. ಅದೇ ಬಣ್ಣದ ಎತ್ತು ಕೆಂದ. ಇಲ್ಲಿ ಕೊನೆಯ ಅಕ್ಷರವನ್ನು ಗಮನಿಸಿ. ಕೆಂದ ಎಂದರೆ ಗಂಡು, ಕೆಂದಿ ಎಂದರೆ ಹೆಣ್ಣು. ಗಿಡ್ಡ-ಗಿಡ್ಡಿ, ಮೋಟ-ಮೋಟಿ, ಚುಕ್ಕ-ಚುಕ್ಕಿ ಎಲ್ಲವೂ ಹಾಗೆಯೇ. ಒಂದೇ ಪುಟ್ಟ ಹೆಸರಿನಲ್ಲಿ ಗುರುತೂ ಬಂತು, ಗಂಡೋ ಹೆಣ್ಣೋ ಎಂಬುದೂ ಬಂತು. ನಮ್ಮ ಸಂಘದ ಪುಸ್ತಕದಲ್ಲಿ ಇದಕ್ಕೆ ಎರಡು ಅಂಕಣ ಬೇಕು.

ಕೆಂಪಿನಲ್ಲೂ ಎಲ್ಲ ಕೆಂಪು ಒಂದೇ ಅಲ್ಲ. ಕಂದು ಕಡೆಗೆ ತಿರುಗಿದ ಕೆಂಪು ಮೈಯದ್ದು ಕೆಂಚಿ. ಕೆಂಪೂ ಅಲ್ಲದ, ಬೂದಿಯೂ ಅಲ್ಲದ, ಒಣ ಹುಲ್ಲಿನ ಹಾಗೆ ಕಾಣುವ ಬಣ್ಣದ್ದು ಕೌಲೆ. ಈ ಕೌಲೆ ಎಂಬ ಮಾತು ಬಹಳ ಹಳೆಯದು. ಸಂಸ್ಕೃತದ ಕಪಿಲೆ ಹಳಗನ್ನಡದಲ್ಲಿ ಕವಿಲೆಯಾಗಿ, ನಮ್ಮ ಹಳ್ಳಿಯ ಬಾಯಿಗೆ ಬರುವ ಹೊತ್ತಿಗೆ ಕೌಲೆಯಾಗಿದೆ. ಪುರಾಣದಲ್ಲಿ ಕಪಿಲೆಯ ಕಥೆ ಕೇಳಿ ಕೈಮುಗಿಯುವವರು ತಮ್ಮ ಗೂಟದಲ್ಲಿರುವ ಕೌಲೆಯೂ ಅದೇ ಹೆಸರಿನವಳು ಎಂದು ಯೋಚಿಸುವುದು ಕಡಿಮೆ. ಕಪ್ಪು ಮೈಯದ್ದು ಕಾಳಿ ಅಥವಾ ಕರಿಯಿ, ಗಂಡಾದರೆ ಕರಿಯ. ಬಿಳಿ ಮೈಯದ್ದು ಬೆಳ್ಳಿ. ಬೂದು ಬಣ್ಣದ್ದು ಬೂದಿ.

ಎರಡು ಬಣ್ಣ ಕಲಸಿಕೊಂಡ ಮೈಯದ್ದು ಹಂಡಿ, ಗಂಡಾದರೆ ಹಂಡ. "ಹಂಡಬಂಡ" ಎಂದು ಇಂದಿಗೂ ಹೇಳುತ್ತೇವಲ್ಲ, ಅದೇ ಮಾತು. ಹಾಗೆ ನೋಡಿದರೆ ಇಂದಿನ ಎಚ್.ಎಫ್. ಮಿಶ್ರತಳಿ ಹಸುಗಳೆಲ್ಲ ಹಂಡಿಯರೇ. ಅಜ್ಜಿಯ ಕಾಲದಲ್ಲಿ ನಾಟಿ ಹಸುಗಳ ಮಂದೆಯಲ್ಲಿ ಒಂದೋ ಎರಡೋ ಹಂಡಿ ಇರುತ್ತಿದ್ದದ್ದರಿಂದ ಆ ಹೆಸರಿಗೆ ಬೆಲೆಯಿತ್ತು. ಈಗ ಇಡೀ ಊರೇ ಹಂಡಿಯಾದ ಮೇಲೆ ಹಾಗೆ ಕರೆದು ಪ್ರಯೋಜನವಿಲ್ಲ.

ಹಳೆಯ ಹೆಸರುಗಳ ಗುಟ್ಟು ಇರುವುದು ಇಲ್ಲೇ. ಹೆಸರು ಹಸುವನ್ನು ಪೂರ್ತಿಯಾಗಿ ವರ್ಣಿಸುವುದಿಲ್ಲ. ಮಂದೆಯಲ್ಲಿರುವ ಬೇರೆ ಹಸುಗಳಿಗಿಂತ ಇದು ಎಲ್ಲಿ ಬೇರೆಯಾಗಿದೆಯೋ ಆ ಒಂದು ಜಾಗಕ್ಕೆ ಬೆರಳು ತೋರಿಸುತ್ತದೆ. ಮನೆಯಲ್ಲಿ ಒಂದೇ ಕೆಂಪು ಹಸು ಇದ್ದರೆ ಅದು ಕೆಂಪಿ. ಅದಕ್ಕೆ ಕೆಂಪು ಕರು ಹುಟ್ಟಿ ಬೆಳೆದರೆ ದೊಡ್ಡ ಕೆಂಪಿ, ಚಿಕ್ಕ ಕೆಂಪಿ. ಮೂರನೆಯದೂ ಕೆಂಪಾದರೆ ಇನ್ನು ಬಣ್ಣದ ಹೆಸರು ಕೈಬಿಟ್ಟು ಕೊಂಬು, ಹಣೆ, ಬಾಲ ಎಲ್ಲಾದರೂ ವ್ಯತ್ಯಾಸ ಹುಡುಕಬೇಕು.

ಇದು ಸರಿಯೇ ಎಂದು ನೋಡಬೇಕಾದರೆ ಎಮ್ಮೆ ಕಟ್ಟಿದ ಮನೆಗೆ ಹೋಗಿ. ಎಮ್ಮೆಗಳೆಲ್ಲ ಕಪ್ಪೇ ಆದ್ದರಿಂದ ಅಲ್ಲಿ ಕಾಳಿ ಎಂಬ ಹೆಸರು ಯಾವ ಎಮ್ಮೆಯನ್ನೂ ಬೇರೆ ಮಾಡಿ ತೋರಿಸುವುದಿಲ್ಲ. ಹಾಗಾಗಿ ಎಮ್ಮೆ ಸಾಕಿದವರ ಕಣ್ಣು ಕೊಂಬಿನ ಮೇಲೆ ಹೋಗುತ್ತದೆ. ಕೊಂಬು ಹಿಂದಕ್ಕೆ ಚಾಚಿದೆಯೋ, ಸುರುಳಿ ಸುತ್ತಿದೆಯೋ, ಕೆಳಗೆ ಜೋತಿದೆಯೋ ಎಂದು ನೋಡುತ್ತಾರೆ. ಬೆಳಗಾವಿ, ವಿಜಯಪುರದ ಕಡೆ ಕಾಣುವ ಪಂಢರಾಪುರಿ ಎಮ್ಮೆಗಳ ಕೊಂಬು ಹೆಗಲು ದಾಟಿ ಹಿಂದಕ್ಕೆ ಹೋಗಿರುತ್ತದೆ. ಅಂಥ ಕಡೆ ಕೊಂಬಿನ ಒಂದೊಂದು ತಿರುವೂ ಒಂದು ಗುರುತು. ಎಮ್ಮೆಯ ಹಣೆಯಲ್ಲಿ ಅಥವಾ ಬಾಲದ ತುದಿಯಲ್ಲಿ ನಾಲ್ಕು ಬಿಳಿ ಕೂದಲಿದ್ದರೂ ಸಾಕು, ಅದಕ್ಕೆ ಹೆಸರಾಗುವಷ್ಟು ಗುರುತು ಸಿಕ್ಕಂತೆ. ಒಮ್ಮೆ ಒಬ್ಬರ ಮನೆಯಲ್ಲಿ ಎಮ್ಮೆಯನ್ನು ಬೆಳ್ಳಿ ಎಂದು ಕರೆದಾಗ ನಾನು ನಕ್ಕಿದ್ದೆ. ಅವರು ಅದರ ಬಾಲ ಎತ್ತಿ ತೋರಿಸಿದರು. ಕುಚ್ಚಿನ ತುದಿ ಬೆಳ್ಳಗಿತ್ತು.

ಹಸುಗಳಲ್ಲೂ ಕೊಂಬಿನ ಹೆಸರುಗಳು ಬೇಕಾದಷ್ಟಿದ್ದವು. ಕೊಂಬು ಗಿಡ್ಡವಾಗಿ ಮೊಂಡಾಗಿದ್ದರೆ ಅಥವಾ ಮುರಿದಿದ್ದರೆ ಮೋಟಿ. ಕೆಳಗೆ ಜೋತಿದ್ದರೆ ಜೋಲುಗೊಂಬಿನದು. ಒಂದರ ತುದಿ ಒಳಕ್ಕೆ ತಿರುಗಿದ್ದರೆ ಡೊಂಕುಗೊಂಬಿನದು. ಕೊಂಬೇ ಇಲ್ಲದ್ದನ್ನು ಬೋಳಿ ಎಂದು ಕರೆಯುತ್ತಿದ್ದರು. ಈ ಕೊನೆಯ ಹೆಸರನ್ನು ಮಾತ್ರ ನಾನು ಪುಸ್ತಕದಲ್ಲಿ ಬರೆಯುವುದಿಲ್ಲ. ಗಂಡ ಸತ್ತ ಹೆಂಗಸರನ್ನು ಹೀಯಾಳಿಸಲು ಬಳಸಿದ ಮಾತು ಅದು. ನಮ್ಮ ಸಂಘದಲ್ಲಿ ಒಂಟಿಯಾಗಿ ಹಸು ಸಾಕಿ ಮಕ್ಕಳನ್ನು ಓದಿಸಿದ ತಾಯಂದಿರಿದ್ದಾರೆ. ಅವರ ಮುಂದೆ ನಿಂತು ಆ ಹೆಸರು ಕೂಗುವುದು ನನಗೆ ಆಗದು. "ಕೊಂಬಿಲ್ಲದ್ದು" ಎಂದರೆ ಗುರುತು ಅಷ್ಟೇ ಚೆನ್ನಾಗಿ ಸಿಗುತ್ತದೆ.

ಮುಖದ ಗುರುತಿನ ಹೆಸರುಗಳನ್ನು ನಮ್ಮತ್ತೆ ಬಹಳ ನಿಖರವಾಗಿ ಹೇಳುತ್ತಿದ್ದರು. ಹಣೆಯ ನಡುವೆ ಬೊಟ್ಟಿನಷ್ಟು ಬಿಳುಪಿದ್ದರೆ ಚುಕ್ಕಿ. ಅದು ಅಗಲವಾಗಿ ಚಂದ್ರನ ಹಾಗೆ ಕಂಡರೆ ಚಂದ್ರಿ. ಹಣೆಯಿಂದ ಮೂಗಿನ ಕಡೆಗೆ ಉದ್ದವಾಗಿ ಇಳಿದಿದ್ದರೆ ನಾಮದಾವು. ಮೂರೂ ಹಣೆಯ ಬಿಳುಪೇ. ಆದರೆ ಮೂವರನ್ನು ಒಂದೇ ಗೂಟಕ್ಕೆ ಕಟ್ಟಿದರೂ ಯಾರು ಯಾರೆಂದು ಗೊಂದಲವಾಗದು. ಮೈ ತುಂಬ ಸಣ್ಣ ಸಣ್ಣ ಚುಕ್ಕೆಗಳಿದ್ದರೂ ಚುಕ್ಕಿ ಎನ್ನುವವರಿದ್ದಾರೆ. ಅದಕ್ಕೇ ಬರೆಯುವಾಗ "ಹಣೆ ಚುಕ್ಕಿ" ಅಥವಾ "ಮೈ ಚುಕ್ಕಿ" ಎಂದು ಬಿಡಿಸಿ ಬರೆಯುವುದು ಒಳ್ಳೆಯದು.

ಕೊಟ್ಟಿಗೆಯ ಒಂದೊಂದು ಹಸುವಿಗಷ್ಟೇ ಅಲ್ಲ, ತಳಿಗಳಿಗೂ ಹೀಗೆ ಹೆಸರಿಟ್ಟಿದ್ದಾರೆ. ಮಲೆನಾಡಿನ ಪುಟ್ಟ ಹಸು ಮಲೆನಾಡು ಗಿಡ್ಡ. ಗಿಡ್ಡಿ ಎಂಬ ಮನೆಯ ಹೆಸರೇ ಇಡೀ ತಳಿಯ ಹೆಸರಾಯಿತು. ಬೀದರ್ ಕಡೆಯ ದೇವಣಿ ತಳಿಯಲ್ಲಿ ಮೈಬಣ್ಣ ನೋಡಿ ಮೂರು ಬಗೆ ಮಾಡುತ್ತಾರೆ. ಮೈ ಬಿಳಿಯಾಗಿದ್ದು ಮುಖದ ಪಕ್ಕಗಳು ಕಪ್ಪಾದರೆ ವಾನ್ನೇರ, ಬಿಳಿ ಮೈಯ ಕೆಳಭಾಗದಲ್ಲಿ ಕಪ್ಪು ಚುಕ್ಕೆಗಳಿದ್ದರೆ ಬಾಲಂಕ್ಯ, ಮೈಯೆಲ್ಲ ಕಪ್ಪು ಮಚ್ಚೆಗಳು ಹರಡಿದ್ದರೆ ಶೇವೆರ. ದೇವಣಿ ಸಾಕುವವರಿಗೆ ಈ ಮೂರು ಮಾತು ಕೇಳಿದ ಕೂಡಲೇ ರಾಸು ಕಣ್ಣಮುಂದೆ ಬಂದು ನಿಲ್ಲುತ್ತದೆ.

ಎಲ್ಲ ಹೆಸರೂ ಗುರುತಿನ ಹೆಸರಲ್ಲ, ನಿಜ. ಸೋಮವಾರ ಹುಟ್ಟಿದ್ದು ಸೋಮಿ, ಶುಕ್ರವಾರ ಹುಟ್ಟಿದ್ದು ಶುಕ್ರಿ ಎಂದು ವಾರದ ಹೆಸರಿಡುತ್ತಿದ್ದರು. ಕೊಂಡು ತಂದ ಊರಿನ ಹೆಸರಿನಿಂದ ಕರೆಯುತ್ತಿದ್ದರು. ದೇವಿಯರ ಹೆಸರು, ನದಿಗಳ ಹೆಸರು ಅಂದೂ ಇದ್ದವು. ಪುಣ್ಯಕೋಟಿಯ ಹಾಡಿನಲ್ಲಿ ಗೊಲ್ಲ ತನ್ನ ಹಸುಗಳನ್ನು ಕರೆಯುವುದು ಅಂಥ ಹೆಸರುಗಳಿಂದಲೇ. ಭಕ್ತಿಯ ಹೆಸರನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಗುರುತಿನ ಹೆಸರೂ ಇರಲಿ ಎನ್ನುತ್ತೇನೆ. ಹಿಂದೆ ಇದ್ದದ್ದೂ ಹಾಗೆಯೇ. ಮನೆಯೊಳಗೆ ಗೌರಿ, ದನ ಕಾಯುವವನ ಬಾಯಲ್ಲಿ ನಾಮದಾವು.

ದನ ಕಾಯುವವನ ಮಾತು ಬಂದದ್ದರಿಂದ ನಮ್ಮತ್ತೆ ಹೇಳಿದ ಒಂದು ಪ್ರಸಂಗ ಹೇಳುತ್ತೇನೆ. ಅವರು ಮದುವೆಯಾಗಿ ಬಂದ ಹೊಸತರಲ್ಲಿ ಮನೆಯ ಕಡಸೊಂದು ಮಂದೆ ತಪ್ಪಿಸಿಕೊಂಡು ಯಾರದೋ ರಾಗಿ ಹೊಲಕ್ಕೆ ನುಗ್ಗಿತು. ಹೊಲದವರು ಅದನ್ನು ಹಿಡಿದು ದೊಡ್ಡಿಗೆ ಹೊಡೆದರು. ಬಿಡಿಸಿಕೊಂಡು ಬರಲು ಹೋದ ಮಾವನವರನ್ನು ದೊಡ್ಡಿಯವನು ಒಳಗೆ ಬಿಡಲಿಲ್ಲ. ಹೊರಗೇ ನಿಲ್ಲಿಸಿ "ನಿಮ್ಮ ಕಡಸಿನ ಗುರುತು ಹೇಳಿ" ಎಂದ. ಒಳಗಿದ್ದ ಕೆಂಪು ಕಡಸುಗಳು ಮೂರು. ಮಾವನವರು "ಕೆಂಪಗಿದೆ" ಎಂದು ಹೇಳಿ ತಡವರಿಸಿದರು. ಜೊತೆಗೆ ಹೋಗಿದ್ದ ಅವರ ತಾಯಿ ಸೆರಗು ಸರಿಮಾಡಿಕೊಂಡು ಹೇಳಿದರಂತೆ: ಕೆಂಪಿ, ಎಡಗೊಂಬು ಬಲಗೊಂಬಿಗಿಂತ ಒಂದು ಬೆರಳು ತಗ್ಗು, ಬಾಲದ ಕುಚ್ಚಿನಲ್ಲಿ ಬಿಳಿ ಕೂದಲು, ಬಲಗಡೆ ಪಕ್ಕೆಯಲ್ಲಿ ಹಂಚಿಕಡ್ಡಿಯಷ್ಟು ಉದ್ದದ ಗಾಯದ ಗೆರೆ. ದೊಡ್ಡಿಯವನು ಒಳಗೆ ಹೋಗಿ ನೋಡಿ ಬಂದು ಮಾತಾಡದೆ ಬಾಗಿಲು ತೆಗೆದ. ಆ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಅಕ್ಷರ ಕಲಿತ ನಾನು ಬರೆದದ್ದು "ಕಪ್ಪು ಬಿಳುಪು".

ಈ ಹೆಸರುಗಳಿಗೂ ಮಿತಿ ಇದೆ. ಹುಟ್ಟಿದ ದಿನವೇ ಬಣ್ಣ ನೋಡಿ ಹೆಸರಿಟ್ಟರೆ ಮೋಸ ಹೋಗಬಹುದು. ಖಿಲಾರಿ ಕರುಗಳ ನೆತ್ತಿ ಹುಟ್ಟುವಾಗ ತುಕ್ಕಿನ ಹಾಗೆ ಕೆಂಪಗಿದ್ದು, ಒಂದೆರಡು ತಿಂಗಳಲ್ಲಿ ಆ ಕೆಂಪು ಮಾಯವಾಗುತ್ತದೆ. ಬೂದು ಮೈಯ ನಾಟಿ ತಳಿಗಳ ಕರುಗಳಲ್ಲಿ ಇಂಥ ಕೆಂಪು ಛಾಯೆ ಕಂಡು ಆಮೇಲೆ ಬದಲಾಗುವುದು ಸಾಮಾನ್ಯ. ಕೆಂಪಿ ಎಂದು ಹೆಸರಿಟ್ಟ ಕರು ಕಡಸಾಗುವ ಹೊತ್ತಿಗೆ ಬೂದಿಯಾಗಿರುತ್ತದೆ. ಹೋರಿಗಳಲ್ಲಿ ಬೆಳೆಯುತ್ತಾ ಕುತ್ತಿಗೆ, ಇಣಿ ಕಪ್ಪಾಗುವುದೂ ಉಂಟು. ಆದ್ದರಿಂದ ನಾಟಿ ಕರುವಿಗೆ ಆರು ತಿಂಗಳು ಕಳೆದ ಮೇಲೆ ಇನ್ನೊಮ್ಮೆ ಗುರುತು ನೋಡಿ ಬರೆಯಬೇಕು. ಎಚ್.ಎಫ್. ಮಿಶ್ರತಳಿಯ ಕಪ್ಪು ಬಿಳಿ ಮಚ್ಚೆಗಳು ಮಾತ್ರ ಹಾಗಲ್ಲ. ಕರು ಹುಟ್ಟಿದಾಗ ಮಚ್ಚೆಯ ಅಂಚು ಎಲ್ಲಿದೆಯೋ ಹಸುವಾದ ಮೇಲೂ ಅಲ್ಲೇ ಇರುತ್ತದೆ, ಮೈ ಬೆಳೆದಷ್ಟು ಮಚ್ಚೆಯೂ ಬೆಳೆದಿರುತ್ತದೆ, ಅಷ್ಟೇ.

ಬೆಳೆದ ಹಸುವಿನ ಬಣ್ಣ ಬದಲಾದರೆ ಅದು ಬೇರೆ ವಿಷಯ. ನಿಮ್ಮ ಕಾಳಿಯ ಕಪ್ಪು ಕೂದಲು ತುಕ್ಕು ಹಿಡಿದ ಹಾಗೆ ಕೆಂಪಗಾಗುತ್ತಿದ್ದರೆ, ಬರಿಯ ಬಿಸಿಲಿಗೆ ಹಾಗಾಗಿರಬಹುದು. ಆದರೆ ತಾಮ್ರದ ಅಂಶ ಕಡಿಮೆಯಾದರೂ ಹಾಗೇ ಆಗುತ್ತದೆ. ಆಗ ಕಣ್ಣಿನ ಸುತ್ತ ಕೂದಲು ಮಾಸಿ ಕನ್ನಡಕ ಹಾಕಿದಂತೆ ಕಾಣುವುದುಂಟು, ಕೂದಲಿನ ಹೊಳಪೂ ಹೋಗಿರುತ್ತದೆ. ನೆರಳಲ್ಲೇ ಕಟ್ಟಿದ ಹಸು ಹೀಗಾದರೆ ಪಶುವೈದ್ಯರಿಗೆ ತೋರಿಸಿ. ಹಾಲು ಕರೆಯುವ ಹಸುವಿಗೆ ದಿನಕ್ಕೆ ಸುಮಾರು 50 ಗ್ರಾಂ ಖನಿಜ ಮಿಶ್ರಣ ಕೊಡುವುದನ್ನು ಬಿಟ್ಟಿದ್ದರೆ ಮತ್ತೆ ಶುರುಮಾಡಿ. ತಾಮ್ರವನ್ನು ಮಾತ್ರ ಬೇರೆಯಾಗಿ ನೀವೇ ತಂದು ತಿನ್ನಿಸಬೇಡಿ, ಹೆಚ್ಚಾದರೆ ಅದು ವಿಷ. ಕಾಳಿ ಎಂಬ ಹೆಸರು ಬಾಯಲ್ಲಿ ಇದ್ದದ್ದರಿಂದಲೇ "ಇದೇನು, ಕಾಳಿ ಕೆಂಪಿಯಾಗ್ತಿದ್ದಾಳಲ್ಲ" ಎಂದು ನಮ್ಮ ಪಕ್ಕದ ಮನೆಯ ಅಕ್ಕ ಗಮನಿಸಿದ್ದು.

ಇನ್ನು ಕೊಂಬಿನ ಹೆಸರುಗಳ ಕಾಲ ಹೆಚ್ಚುಕಡಿಮೆ ಮುಗಿಯಿತು. ಈಗ ಕರುವಾಗಿದ್ದಾಗಲೇ ಕೊಂಬಿನ ಮೊಳಕೆ ಸುಡಿಸುತ್ತೇವೆ. ಅದು ಒಳ್ಳೆಯದೇ, ಹಾಯುವ ಕಾಟ ತಪ್ಪುತ್ತದೆ. ಆದರೆ ಹೀಗೆ ಒಂದು ಗುರುತಿನ ಜಾಗ ಹೋಯಿತು, ಬಣ್ಣವೂ ಎಲ್ಲಕ್ಕೂ ಒಂದೇ ಆಯಿತು. ಹಾಗಾದರೆ ಇಂದಿನ ಹಸುವಿನಲ್ಲಿ ಅಜ್ಜಿಯ ಕಣ್ಣಿನಿಂದ ಏನು ಹುಡುಕಬೇಕು? ಓರಗಿತ್ತಿ ಆಮೇಲೆ ಕೊಂಡ ಹಸುವಿಗೆ ನಾನು ಮತ್ತು ನಮ್ಮತ್ತೆ ಹೇಗೆ ಗುರುತು ಬರೆದೆವು ಎಂದು ಹೇಳುತ್ತೇನೆ.

ಮೊದಲು ಹಸುವಿನ ಮೈ ತೊಳೆದು ಒಣಗಲು ಬಿಟ್ಟೆವು. ಸಗಣಿ ಮೆತ್ತಿದ ತೊಡೆಯಲ್ಲಿ ಕಪ್ಪು ಯಾವುದು ಬಿಳಿ ಯಾವುದು ತಿಳಿಯದು. ಆಮೇಲೆ ಬೆಳಕಿಗೆ ತಂದು ಕಟ್ಟಿ ಮುಂದೆ, ಎಡಕ್ಕೆ, ಹಿಂದೆ, ಬಲಕ್ಕೆ ಎಂದು ನಾಲ್ಕು ಕಡೆ ನಿಂತು ನೋಡಿದೆವು. ಇಲ್ಲಿ ಒಂದು ಎಚ್ಚರಿಕೆ. ಎಡ ಬಲ ಎಂದರೆ ಹಸುವಿನ ಎಡ ಬಲ, ಎದುರಿಗೆ ನಿಂತ ನಮ್ಮದಲ್ಲ. ಮುಖಕ್ಕೆ ಮುಖ ಕೊಟ್ಟು ನಿಂತಾಗ ಇದು ತಿರುಗುಮುರುಗಾಗುತ್ತದೆ. ನಾನೂ ಮೊದಲ ಸಲ ತಪ್ಪಾಗಿಯೇ ಬರೆದೆ. ಅನುಮಾನ ಬಂದರೆ ಹಸುವಿನ ಹಿಂದೆ ಸ್ವಲ್ಪ ದೂರದಲ್ಲಿ, ಅದು ನೋಡುವ ಕಡೆಗೇ ಮುಖಮಾಡಿ ನಿಲ್ಲಿ. ಆಗ ನಿಮ್ಮ ಎಡವೇ ಅದರ ಎಡ.

ಮುಂದಿನಿಂದ ಹಣೆಯ ಬಿಳುಪು, ಅದರ ಆಕಾರ, ಅದು ಎಲ್ಲಿಯವರೆಗೆ ಇಳಿದಿದೆ ಎಂದು ನೋಡಿದೆವು. ಮೂಗು ಪೂರ್ತಿ ಕಪ್ಪೋ, ನಡುವೆ ನಸುಗೆಂಪು ಇದೆಯೋ ಎಂದು ನೋಡಿದೆವು. ಹಣೆಯ ಸುಳಿ ಎಷ್ಟು, ಎಲ್ಲಿ ಎಂದು ಕೈಯಿಂದ ಕೂದಲು ಸರಿಸಿ ನೋಡಿದೆವು. ಸುಳಿ ಎಂದರೆ ಒಳ್ಳೆಯದು ಕೆಟ್ಟದು ಎಂದು ಜಾತ್ರೆಯಲ್ಲಿ ಬೆಲೆ ಇಳಿಸುವವರಿದ್ದಾರೆ. ಸುಳಿಗೂ ಹಾಲಿಗೂ ಸಂಬಂಧವಿದೆ ಎಂದು ನಾನು ನಂಬುವುದಿಲ್ಲ. ಆದರೆ ಸುಳಿ ಹುಟ್ಟಿನಿಂದ ಸಾಯುವವರೆಗೆ ಜಾಗ ಬದಲಿಸುವುದಿಲ್ಲವಾದ್ದರಿಂದ ಗುರುತಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಪಕ್ಕಗಳಿಂದ ದೊಡ್ಡ ಮಚ್ಚೆಗಳನ್ನೆಲ್ಲ ಬಿಟ್ಟು, ಒಂಟಿಯಾಗಿ ಎದ್ದು ಕಾಣುವ ಮಚ್ಚೆಯನ್ನು ಮಾತ್ರ ಆರಿಸಿದೆವು. ಹತ್ತು ಮಚ್ಚೆ ಬರೆದರೆ ಓದುವವರಿಗೆ ಒಂದೂ ನೆನಪಿರದು. ಕಾಲುಗಳಲ್ಲಿ ಬಿಳುಪು ಯಾವ ಕಾಲಿಗೆ, ಎಲ್ಲಿಯವರೆಗೆ ಎಂದು ಬರೆದೆವು. ಹಿಂದಿನಿಂದ ಬಾಲದ ಕುಚ್ಚು ನೋಡಿದೆವು, ಕೆಚ್ಚಲಿನಲ್ಲಿ ಹೆಚ್ಚಿನ ತೊಟ್ಟು ಇದೆಯೇ ನೋಡಿದೆವು.

ಕೊನೆಗೆ ಬರೆದದ್ದು ಹೀಗೆ:

"ಹೆಸರು: ಚಂದ್ರಿ (ಮನೆಯಲ್ಲಿ ತುಂಗಾ). ಎಚ್.ಎಫ್. ಮಿಶ್ರತಳಿ ಹಸು, ಎರಡನೇ ಸೂಲು. ಮೈ ಹೆಚ್ಚು ಕಪ್ಪು. ಹಣೆಯಲ್ಲಿ ಅಂಗೈ ಅಗಲದ ಬಿಳಿ ಚಂದ್ರ, ಕಣ್ಣಿನ ಮಟ್ಟದಿಂದ ಕೆಳಗೆ ಇಳಿದಿಲ್ಲ. ಹಣೆ ಸುಳಿ ಒಂದು, ಆ ಬಿಳುಪಿನ ಒಳಗೇ ಇದೆ. ಮೂಗು ಪೂರ್ತಿ ಕಪ್ಪು. ಎಡ ಪಕ್ಕೆಯಲ್ಲಿ ಒಂಟಿ ಬಿಳಿ ಮಚ್ಚೆ, ಮಾವಿನಕಾಯಿ ಆಕಾರ. ಬಲ ಪಕ್ಕೆ ಪೂರ್ತಿ ಕಪ್ಪು. ಹಿಂಗಾಲು ಎರಡೂ ಗೊರಸಿನಿಂದ ಒಂದು ಗೇಣು ಬಿಳಿ. ಮುಂಗಾಲು ಎರಡೂ ಕಪ್ಪು. ಬಾಲದ ಕುಚ್ಚು ಬಿಳಿ. ಕೊಂಬು ಸುಡಿಸಿದೆ. ಬಲಗಿವಿಯ ಅಂಚಿನಲ್ಲಿ ಹಳೆಯ ಸೀಳು."

ಇದರ ಜೊತೆಗೆ ಕಿವಿಯೋಲೆಯ 12 ಅಂಕಿಗಳನ್ನು ಓಲೆ ನೋಡಿಕೊಂಡೇ ಬರೆದು, ಇನ್ನೊಬ್ಬರಿಂದ ಜೋರಾಗಿ ಓದಿಸಿ ತಾಳೆ ನೋಡಿದೆವು. ಮೊಬೈಲಿನಲ್ಲಿ ನಾಲ್ಕು ಕಡೆಯಿಂದ ನಾಲ್ಕು ಫೋಟೋ, ಓಲೆಯ ಅಂಕಿ ಓದುವಂತೆ ಮುಖದ್ದೊಂದು ಫೋಟೋ ತೆಗೆದೆವು. ವಿಮೆಯ ಅರ್ಜಿಯಲ್ಲಿ ಗುರುತಿನ ಜಾಗ ಒಂದೇ ಸಾಲಿನಷ್ಟಿತ್ತು. ಇಷ್ಟೂ ಹಿಡಿಯಲಿಲ್ಲ. ಆಗ ನಮ್ಮತ್ತೆಯನ್ನು ಕೇಳಿದೆ, ಇದರಲ್ಲಿ ಯಾವುದನ್ನು ಇಟ್ಟುಕೊಳ್ಳಲಿ ಎಂದು. "ಊರಲ್ಲಿ ಇನ್ಯಾವ ಹಸುವಿಗೂ ಇಲ್ಲದ್ದು ಯಾವುದೋ ಅದನ್ನ" ಎಂದರು. ಹಣೆಯ ಚಂದ್ರ, ಎಡ ಪಕ್ಕೆಯ ಒಂಟಿ ಮಚ್ಚೆ, ಕಿವಿಯ ಸೀಳು ಈ ಮೂರನ್ನು ಬರೆದೆ. ಉಳಿದದ್ದನ್ನು ಬೇರೆ ಹಾಳೆಯಲ್ಲಿ ಬರೆದು ಅರ್ಜಿಯ ಜೊತೆಗೆ ಲಗತ್ತಿಸಿ, ಒಂದು ಪ್ರತಿಯನ್ನು ಓರಗಿತ್ತಿಯ ಟ್ರಂಕಿನಲ್ಲಿ ಇಡಿಸಿದೆ.

ಗಾಯದ ಗುರುತನ್ನು ಬರೆಯುವಾಗ ತಾರೀಖು ಹಾಕಿ. ಆಳವಾದ ಗಾಯ ಮಾಗಿದ ಜಾಗದಲ್ಲಿ ಕಪ್ಪು ಮೈಯ ಮೇಲೂ ಬಿಳಿ ಕೂದಲು ಬರುವುದುಂಟು. ನೊಗ ಹೊತ್ತ ಎತ್ತಿನ ಕುತ್ತಿಗೆಯಲ್ಲಿ ಇದನ್ನು ನೀವೇ ನೋಡಿರುತ್ತೀರಿ. ವಿಮೆ ಮಾಡಿಸುವಾಗ ಇಲ್ಲದಿದ್ದ ಬಿಳಿ ಮಚ್ಚೆ ಆಮೇಲೆ ಕಂಡರೆ, ಇದು ಬೇರೆ ಹಸು ಎಂಬ ಅನುಮಾನ ಬರುತ್ತದೆ. ಹಾಗೆ ಹೊಸ ಗುರುತು ಬಂದರೆ ಸಂಘದ ಪುಸ್ತಕದಲ್ಲಿ ಸೇರಿಸಿ ಬರೆಸಿ.

ಇಷ್ಟೆಲ್ಲ ಗುರುತು ಬರೆದರೂ ಅದು ಕಿವಿಯೋಲೆಯ ಬದಲಿಗೆ ಅಲ್ಲ ಎಂಬುದು ನೆನಪಿರಲಿ. ಓಲೆ ಇಲ್ಲದ ಹಸುವಿಗೆ ಪರಿಹಾರ ಕೊಡುವುದಿಲ್ಲ ಎಂಬುದು ಸಾಮಾನ್ಯವಾಗಿ ವಿಮೆಯ ಷರತ್ತಿನಲ್ಲೇ ಇರುತ್ತದೆ. ಗುರುತು ಉಪಯೋಗಕ್ಕೆ ಬರುವುದು ಓಲೆ ಬಿದ್ದುಹೋದ ದಿನ. ಅಂದೇ ಸಂಘಕ್ಕೆ ತಿಳಿಸಿ. ಹೊಸ ಓಲೆ ಹಾಕುವವರು ಬಂದಾಗ ಬರೆದಿಟ್ಟ ಗುರುತಿನ ಹಾಳೆ, ಹಳೆಯ ಫೋಟೋ ತೋರಿಸಿ. ಹಳೆಯ ಸಂಖ್ಯೆಯ ಹಸುವೇ ಇದು ಎಂದು ಅವರು ಖಚಿತ ಮಾಡಿಕೊಳ್ಳುವುದು ಅದರಿಂದಲೇ. ಹೊಸ ಸಂಖ್ಯೆ ಬಂದ ಮೇಲೆ ಅದನ್ನು ವಿಮೆಯವರಿಗೆ ಬರಹದಲ್ಲಿ ತಿಳಿಸಿ, ತಲುಪಿದ್ದಕ್ಕೆ ಸಹಿ ಅಥವಾ ಮೊಹರು ಹಾಕಿಸಿಕೊಳ್ಳಿ. ಗಾಯ ಮಾಗಲಿ ಎಂದು ಕಾಯುವುದಾದರೆ ಹರಿದ ಕಿವಿ ಬಿಟ್ಟು ಇನ್ನೊಂದು ಕಿವಿಗೆ ಹಾಕಬಹುದೇ ಎಂದು ಕೇಳಿ. ನನ್ನ ಓರಗಿತ್ತಿ ಅದನ್ನು ಕೇಳಿರಲಿಲ್ಲ, ಕೇಳು ಎಂದು ನಾನೂ ಹೇಳಿರಲಿಲ್ಲ.

ಗುರುತಿನ ಹೆಸರಿಂದ ಇನ್ನೊಂದು ಕಡೆ ನನಗೆ ಅನುಕೂಲವಾಗಿದೆ. ನಮ್ಮಲ್ಲಿ ಒಂದೇ ಮನೆಯ ಇಬ್ಬರು ಲಕ್ಷ್ಮಿಯರಿಗೆ ಕೃತಕ ಗರ್ಭಧಾರಣೆ ಮಾಡಿಸಿದ್ದು ಪುಸ್ತಕದಲ್ಲಿ ಅದಲುಬದಲಾಗಿತ್ತು. ಯಾವ ಹೋರಿಯ ವೀರ್ಯ ಯಾರಿಗೆ ಎಂಬುದೇ ತಪ್ಪಿದರೆ, ಮುಂದೆ ಮಗಳಿಗೆ ಅಪ್ಪನದ್ದೇ ವೀರ್ಯ ಕೊಡಿಸುವ ಅಪಾಯವಿದೆ. ಈಗ ಅವರಿಬ್ಬರು ಪುಸ್ತಕದಲ್ಲಿ ನಾಮದ ಲಕ್ಷ್ಮಿ, ಬಿಳಿಗಾಲ ಲಕ್ಷ್ಮಿ.

ಹೋದ ತಿಂಗಳು ಚಂದ್ರಿ ಹೆಣ್ಣುಕರು ಹಾಕಿತು. ತಲೆಯಿಂದ ಗೊರಸಿನವರೆಗೆ ಅಚ್ಚ ಕಪ್ಪು, ಹಣೆಯಲ್ಲಿ ಒಂದು ಬಿಳಿ ಕೂದಲೂ ಇಲ್ಲ. ಓರಗಿತ್ತಿಯ ಮಗಳು ಅದಕ್ಕೆ ಡಿಂಪಿ ಎಂದು ಹೆಸರಿಟ್ಟಾಗಿತ್ತು. ಪುಸ್ತಕ ಹಿಡಿದು ನಾನು ಕರುವನ್ನು ಎರಡು ಸುತ್ತು ಹಾಕಿದೆ, ಏನೂ ಸಿಗಲಿಲ್ಲ. ನಮ್ಮತ್ತೆ ಕೂತಲ್ಲಿಂದಲೇ ಕರುವನ್ನು ಹತ್ತಿರ ಎಳೆದುಕೊಂಡು ಹೊಟ್ಟೆಯ ಕೆಳಗೆ ಬಗ್ಗಿ ನೋಡಿದರು. ಹೊಕ್ಕುಳ ಹತ್ತಿರ ಎರಡು ಬೆರಳಗಲ ಬಿಳುಪಿತ್ತು. "ಹೊಕ್ಕುಳ ಚುಕ್ಕಿ ಅಂತ ಬರ್ಕೋ" ಎಂದರು. ಬರೆದುಕೊಂಡೆ. ಕರೆಯುವುದು ಡಿಂಪಿ ಎಂದೇ.